ಪೋಸ್ಟಿಂಗ್‌ನಲ್ಲಿ ಕಾಯಿಲೆ, ಕಮಿಟಿಗೆ ಅರ್ಜಿ

"ಸರ್, ಎಂಬಿಬಿಎಸ್ ವಾರ್ಡ್ ಪೋಸ್ಟಿಂಗ್ ಟೈಮಲ್ಲೇ ಹುಷಾರು ತಪ್ಪಿತು. ಎಂಸಿ ಇದೆ. ಶಾರ್ಟೇಜ್ ಕಂಡೋನ್ ಮಾಡಿ ಅಂತ ಅಟೆಂಡೆನ್ಸ್ ಕಮಿಟಿಗೆ ಬರೆದರೆ ಆಗುತ್ತಾ? ಹೇಗೆ ಬರೀಬೇಕು?"

ಬರೆಯಿರಿ. ಆದರೆ ಸುಮ್ನೆ "ಮನ್ನಾ ಮಾಡಿ" ಅಂತ ಬರೆದರೆ ಕಮಿಟಿಯ ಕೈಯಲ್ಲಿ ಏನೂ ಇಲ್ಲ. "ಇಷ್ಟು ಗಂಟೆ ಬಾಕಿ ಇದೆ, ಇಂಥ ದಿನಗಳಲ್ಲಿ ಮಾಡಿ ಮುಗಿಸುತ್ತೇನೆ, ಅನುಮತಿ ಕೊಡಿ" ಅಂತ ಬರೆದರೆ ಅವರಿಗೆ ಸಹಿ ಹಾಕಲು ಒಂದು ದಾರಿ ಸಿಗುತ್ತದೆ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾ ಇಂಥ ಕಮಿಟಿಯಲ್ಲೂ ಕೂತವನಾಗಿ ಹೇಳುತ್ತಿದ್ದೇನೆ. ಬರುವ ಅರ್ಜಿಗಳಲ್ಲಿ ಹೆಚ್ಚಿನವು ಮೊದಲನೇ ಥರದವೇ.

ಈ ಮನ್ನಾದ ಆಸೆ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಎಂಜಿನಿಯರಿಂಗ್ ಓದುವ ಅಣ್ಣನೋ ಅಕ್ಕನೋ ಹೇಳಿರುತ್ತಾರೆ. ವಿಟಿಯುನಲ್ಲಿ ಹಾಜರಾತಿ 85% ಬೇಕು, ಸರಿಯಾದ ಕಾರಣ ಇದ್ದರೆ 10%ವರೆಗೆ ಮಾಫಿ ಮಾಡುವ ಅವಕಾಶ ನಿಯಮದಲ್ಲೇ ಇದೆ. ಎಂಬಿಬಿಎಸ್‌ಗೆ ಲೆಕ್ಕವೇ ಬೇರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದ ಪ್ರಕಾರ ಥಿಯರಿಗೆ 75%, ಪ್ರಾಕ್ಟಿಕಲ್ ಮತ್ತು ಕ್ಲಿನಿಕಲ್‌ಗೆ 80% ಇರಲೇಬೇಕು. ಕಾಯಿಲೆಗೆ ಅಂತ ಪ್ರತ್ಯೇಕ ರಿಯಾಯಿತಿ ಇಟ್ಟಿಲ್ಲ. ಥಿಯರಿಯ 25%, ಕ್ಲಿನಿಕಲ್‌ನ 20% ಸಡಿಲಿಕೆ ಇದೆಯಲ್ಲ, ಜ್ವರ, ಅಜ್ಜಿಯ ತಿಥಿ, ತಪ್ಪಿದ ಬಸ್ಸು, ಎಲ್ಲವೂ ಅದರೊಳಗೇ ಆಗಬೇಕು.

ಥಿಯರಿಯಲ್ಲಿ ಇದು ಅಷ್ಟು ಕಷ್ಟವಲ್ಲ. ಕ್ಲಾಸು ವರ್ಷವಿಡೀ ಹರಡಿಕೊಂಡಿರುತ್ತದೆ, ಒಂದು ವಾರ ಮಲಗಿದರೂ ಆಮೇಲೆ ತುಂಬಿಕೊಳ್ಳುತ್ತದೆ. ಪೋಸ್ಟಿಂಗ್ ಹಾಗಲ್ಲ. ಬೆಳಗ್ಗೆ ಮೂರು ಗಂಟೆ, ವಾರಕ್ಕೆ ಐದು ದಿನ, ಅಂದರೆ 15 ಗಂಟೆ ಅಂತ ಇಟ್ಟುಕೊಳ್ಳಿ. ನಾಲ್ಕು ವಾರದ ಪೋಸ್ಟಿಂಗ್ ಆದರೆ 20 ದಿನ, ಅದರಲ್ಲಿ 4 ದಿನ ತಪ್ಪಬಹುದು. ಎರಡು ವಾರದ್ದಾದರೆ 10 ದಿನ, ತಪ್ಪಬಹುದಾದದ್ದು ಬರೀ 2 ದಿನ. ಎರಡು ದಿನದಲ್ಲಿ ಯಾವ ಜ್ವರ ವಾಸಿಯಾಗುತ್ತೆ ಹೇಳಿ! ಶಾರ್ಟೇಜ್ ಆಗುವವರೆಲ್ಲ ಸೋಮಾರಿಗಳು ಅನ್ನುವ ಸಹೋದ್ಯೋಗಿಗಳಿಗೆ ನಾನು ತೋರಿಸುವುದು ಈ ಲೆಕ್ಕವನ್ನೇ.

ಒಂದು ಪ್ರಕರಣ ಹೇಳುತ್ತೇನೆ. ಎರಡನೇ ಹಂತದ ವಿದ್ಯಾರ್ಥಿನಿ. ಮಕ್ಕಳ ವಿಭಾಗದಲ್ಲಿ ಎರಡು ವಾರದ ಪೋಸ್ಟಿಂಗ್. ಸೋಮವಾರ, ಮಂಗಳವಾರ, ಬುಧವಾರ ಬಂದಳು. ಬುಧವಾರ ರಾತ್ರಿ ಜ್ವರ, ಗುರುವಾರ ಬೆಳಗ್ಗೆ ಎದೆಯ ಮೇಲೆ ಗುಳ್ಳೆ. ಚಿಕನ್ ಪಾಕ್ಸ್. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಇದು ಇನ್ನೊಬ್ಬರಿಗೆ ಅಂಟುತ್ತದೆ. ವಾರ್ಡಿನಲ್ಲಿ ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ತೆಗೆದುಕೊಳ್ಳುವ ಮಕ್ಕಳಿರುತ್ತಾರೆ. ಅಂಥ ಮಗುವಿಗೆ ಚಿಕನ್ ಪಾಕ್ಸ್ ಬಂದರೆ ಜೀವಕ್ಕೇ ಅಪಾಯ. ಹಾಗಾಗಿ ಅವಳು ಬರುತ್ತೇನೆ ಅಂದಿದ್ದರೂ ನಾವು ಒಳಗೆ ಬಿಡುತ್ತಿರಲಿಲ್ಲ. ಉಳಿದ ಏಳು ದಿನವೂ ಹೋಯಿತು. 10ರಲ್ಲಿ 3, ಅಂದರೆ 30%.

ಅವಳ ಮೊದಲ ಅರ್ಜಿ ಎಲ್ಲರದ್ದರ ಹಾಗೇ ಇತ್ತು. ಅನಾರೋಗ್ಯದ ನಿಮಿತ್ತ ಬರಲಾಗಲಿಲ್ಲ, ದಯವಿಟ್ಟು ಪರಿಗಣಿಸಿ, ಜೊತೆಗೆ ಒಂದು ಎಂಸಿ. ನಾವು ಅದನ್ನು ವಾಪಸ್ ಕಳಿಸಿದೆವು. ಎಂಸಿ ಹೇಳುವುದು ನೀವು ಯಾಕೆ ಬರಲಿಲ್ಲ ಅಂತ. ಬಂದಿದ್ದಿರಿ ಅಂತ ಅದು ಹೇಳುವುದಿಲ್ಲ. ರಿಜಿಸ್ಟರಿನಲ್ಲಿರುವ ಏಳು 'ಎ'ಗಳನ್ನು 'ಪಿ' ಮಾಡುವ ಅಧಿಕಾರ ಕಮಿಟಿಗೂ ಇಲ್ಲ, ಪ್ರಿನ್ಸಿಪಾಲರಿಗೂ ಇಲ್ಲ. ಹಾಗೆ ಮಾಡಿದರೆ ಅದು ಸುಳ್ಳು ದಾಖಲೆ.

ಎರಡನೇ ಅರ್ಜಿಗೆ ಮೊದಲು ಅವಳನ್ನು ಕೂರಿಸಿ ಗಂಟೆಯ ಲೆಕ್ಕ ಮಾಡಿಸಿದೆವು. ಪೋಸ್ಟಿಂಗ್ ಒಟ್ಟು 30 ಗಂಟೆ. 80% ಅಂದರೆ 24. ಅವಳು ಮಾಡಿದ್ದು 9. ಬಾಕಿ 15 ಗಂಟೆ, ಅಂದರೆ ಮೂರು ಗಂಟೆಯ ಐದು ಸರದಿ. ಐದು ವಾರ್ಡ್ ಸರದಿ ಬೇಕು ಅಂದಾಗ ವಿಭಾಗದ ಮುಖ್ಯಸ್ಥರಿಗೆ ಅದು ಕೊಡಬಹುದಾದದ್ದು ಅನ್ನಿಸಿತು.

ಯಾವಾಗ ಅನ್ನುವುದೇ ತೊಡಕಿನ ಭಾಗ. ಹುಷಾರಾಗಿ ಬರುವ ಹೊತ್ತಿಗೆ ಅವಳ ಬ್ಯಾಚು ಮೂಳೆ ವಿಭಾಗಕ್ಕೆ ಹೋಗಿತ್ತು. ಬೆಳಗಿನ ಹೊತ್ತು ಅಲ್ಲಿಗೆ ಮೀಸಲು. ಮಕ್ಕಳ ವಿಭಾಗದ ಬಾಕಿ ತೀರಿಸಲು ಬೆಳಗ್ಗೆ ಅಲ್ಲಿಗೆ ಹೋದರೆ ಮೂಳೆ ವಿಭಾಗದಲ್ಲಿ ಹೊಸ ಬಾಕಿ ಶುರು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ ಹಾಗೆ. ಇದನ್ನು ಯೋಚಿಸದೆ "ಮುಂದಿನ ಬ್ಯಾಚಿನ ಜೊತೆ ಮಾಡುತ್ತೇನೆ" ಅಂತ ಬರೆದುಕೊಡುವವರು ಬಹಳ. ಅವಳಿಗೆ ಸಿಕ್ಕಿದ್ದು ಸಂಜೆ ನಾಲ್ಕೂವರೆಯಿಂದ ಏಳೂವರೆ, ಯೂನಿಟ್ಟಿನ ಅಡ್ಮಿಷನ್ ಡೇಗಳಲ್ಲಿ. ಹೊಸ ಮಕ್ಕಳು ದಾಖಲಾಗುವ ದಿನ ಅದು, ಕೇಸ್ ತೆಗೆದುಕೊಳ್ಳಲು ಬೆಳಗಿಗಿಂತ ಸಂಜೆಯೇ ವಾಸಿ. ಐದರ ಬದಲು ಆರು ಸರದಿ ಕೇಳು ಅಂತ ನಾವೇ ಹೇಳಿದೆವು. ಐದು ಮಾಡಿದರೆ ಸರಿಯಾಗಿ 80%. ಒಂದು ಸಂಜೆ ಬಂದ್ ಆಯಿತು ಅಂದುಕೊಳ್ಳಿ, 70%ಗೆ ಇಳಿಯುತ್ತದೆ. ಆರು ಇದ್ದರೆ ಒಂದು ತಪ್ಪಿದರೂ ಚಿಂತೆ ಇಲ್ಲ.

ಇನ್ನು ದಾಖಲೆಯ ವಿಷಯ. ಅವಳ ಫೈಲಿನಲ್ಲಿ ಗಟ್ಟಿಯಾಗಿ ನಿಂತದ್ದು ಎಂಸಿ ಅಲ್ಲ, ಆಸ್ಪತ್ರೆಯದ್ದೇ ಒಂದು ಹಾಳೆ. ಚಿಕನ್ ಪಾಕ್ಸ್ ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಅಂಟಲು ಶುರುವಾಗುತ್ತದೆ. ಮಂಗಳವಾರ, ಬುಧವಾರ ಅವಳು ವಾರ್ಡಿನಲ್ಲಿದ್ದಳಲ್ಲ? ಗುರುವಾರವೇ ಸೋಂಕು ನಿಯಂತ್ರಣದ ಸಿಸ್ಟರ್ ಬಂದು, ಅವಳು ಯಾವ ಹಾಸಿಗೆಗಳ ಹತ್ತಿರ ಹೋಗಿದ್ದಳು ಅಂತ ಬರೆದುಕೊಂಡಿದ್ದರು. ತಾರೀಖು, ಸಮಯ, ಸಹಿ ಎಲ್ಲ ಇತ್ತು. ಆ ದಿನವೇ, ಅರ್ಜಿಯ ಯೋಚನೆಯೂ ಇಲ್ಲದಾಗ, ಬೇರೆ ಕಾರಣಕ್ಕೆ ಹುಟ್ಟಿದ ದಾಖಲೆ. ಕಮಿಟಿ ನಂಬುವುದು ಇಂಥದ್ದನ್ನು. ಡೆಂಗಿ ಆದರೆ ದಿನದಿನದ ಪ್ಲೇಟ್‌ಲೆಟ್ ರಿಪೋರ್ಟು, ಅದರಲ್ಲಿ ಸ್ಯಾಂಪಲ್ ತೆಗೆದ ಸಮಯವೂ ಇರುತ್ತದೆ. ಅಡ್ಮಿಟ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ. ಊರಿನ ಆಸ್ಪತ್ರೆಯಲ್ಲಿ ಮಲಗಿದ್ದವರು ಅಲ್ಲಿನ ದಾಖಲೆ ಕೇಳಿ ಪಡೆಯಬಹುದು. 2002ರ ವೃತ್ತಿ ನೀತಿ ನಿಯಮಗಳ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆ ಕೊಡಬೇಕು.

ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಕೊಟ್ಟ ಪ್ರತಿ ಎಂಸಿಯ ವಿವರವನ್ನೂ ವೈದ್ಯರು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಅನುಮಾನ ಬಂದರೆ ನಾವು ಫೋನ್ ಮಾಡಿ ಕೇಳುವುದು ಅದನ್ನೇ. ಮಾವನ ಕ್ಲಿನಿಕ್ಕಿನಿಂದ ಹಿಂದಿನ ತಾರೀಖು ಹಾಕಿಸಿ ತಂದ ಎಂಸಿ ಇಲ್ಲಿ ಸಿಕ್ಕಿಬೀಳುತ್ತದೆ, ಮಾವನಿಗೂ ತೊಂದರೆ. ಸುಳ್ಳು ಎಂಸಿಗೆ ಸಹಿ ಹಾಕುವುದು ವೃತ್ತಿ ದುರ್ನಡತೆ ಅಂತ ಬರೆದೇ ಇದೆ. ಆದರೆ ಫೋನ್ ಮಾಡುವ ಮೊದಲೇ ಬಿದ್ದುಹೋಗುವ ಅರ್ಜಿಗಳು ಜಾಸ್ತಿ. ಎಂಸಿಯಲ್ಲಿ 10ರಿಂದ 24ರವರೆಗೆ ಪೂರ್ತಿ ವಿಶ್ರಾಂತಿ ಅಂತ ಇರುತ್ತದೆ. ಫಾರ್ಮಕಾಲಜಿ ಕ್ಲಾಸಿನ ರಿಜಿಸ್ಟರ್ ತೆಗೆದರೆ 17ಕ್ಕೆ ಹಾಜರು! ಪ್ರಾಕ್ಸಿ ಹಾಕಿದ ಗೆಳೆಯ ಉಪಕಾರ ಮಾಡಿದೆ ಅಂದುಕೊಂಡಿರುತ್ತಾನೆ. ಅರ್ಜಿ ಕೊಡುವ ಮೊದಲು ಆ ದಿನಗಳ ಎಲ್ಲ ರಿಜಿಸ್ಟರುಗಳಲ್ಲೂ ನಿಮ್ಮ ಹೆಸರಿನ ಮುಂದೆ ಏನಿದೆ ನೋಡಿಕೊಳ್ಳಿ. ಫಿಟ್‌ನೆಸ್ ಸರ್ಟಿಫಿಕೇಟ್ ಮರೆಯಬೇಡಿ. ಅದಿಲ್ಲದಿದ್ದರೆ ಕಾಯಿಲೆ ಯಾವತ್ತು ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ.

ಅವಳ ಎರಡನೇ ಅರ್ಜಿಯ ಸಾರ ಹೀಗಿತ್ತು. ನಿಜದ್ದು ಇಂಗ್ಲಿಷಿನಲ್ಲಿತ್ತು, ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ:

"ಮಕ್ಕಳ ವಿಭಾಗದ ಪೋಸ್ಟಿಂಗ್‌ನ 10 ದಿನಗಳಲ್ಲಿ 3 ದಿನ ಹಾಜರಿದ್ದೆ. ನಾಲ್ಕನೇ ದಿನ ಚಿಕನ್ ಪಾಕ್ಸ್ ಅಂತ ಗೊತ್ತಾಗಿ, ಸೋಂಕು ನಿಯಂತ್ರಣ ವಿಭಾಗದ ಸೂಚನೆಯಂತೆ ವಾರ್ಡಿನಿಂದ ದೂರ ಇದ್ದೆ. ಅರ್ಹತೆಗೆ 24 ಗಂಟೆ ಬೇಕು, ನನ್ನದು 9 ಆಗಿದೆ, 15 ಬಾಕಿ. ಕೆಳಗಿನ ಆರು ಸಂಜೆಗಳಲ್ಲಿ ಇದನ್ನು ಪೂರೈಸಲು ವಿಭಾಗದ ಮುಖ್ಯಸ್ಥರು ಒಪ್ಪಿದ್ದಾರೆ, ಅವರ ಸಹಿ ಇದೆ. ಈ ಸಮಯ ಬೇರೆ ಯಾವ ತರಗತಿಗೂ ಅಡ್ಡ ಬರುವುದಿಲ್ಲ. ಲಾಗ್‌ಬುಕ್ಕಿನಲ್ಲಿ ಉಳಿದಿರುವ ಕೌಶಲಗಳನ್ನೂ ಇದೇ ಅವಧಿಯಲ್ಲಿ ಮುಗಿಸುತ್ತೇನೆ. ಅನುಮತಿ ಕೊಡಬೇಕಾಗಿ ಕೋರುತ್ತೇನೆ."

ಇದಿಷ್ಟೇ. ಅಪ್ಪ ರೈತರು, ಸಾಲ ಮಾಡಿ ಓದಿಸುತ್ತಿದ್ದಾರೆ ಅನ್ನುವ ಮಾತಿಲ್ಲ. ಅದು ನಿಜವಿರಬಹುದು, ಓದಿದರೆ ನಮಗೂ ಕರುಳು ಚುರ್ ಅನ್ನುತ್ತದೆ. ಆದರೆ ಅದರಿಂದ ಗಂಟೆ ಹೆಚ್ಚುವುದಿಲ್ಲ. ಲಾಗ್‌ಬುಕ್ಕಿನ ಸಾಲು ಮಾತ್ರ ಬೇಕೇ ಬೇಕು. ಗಂಟೆ ತುಂಬಿ, ಮಗುವಿನ ಬೆಳವಣಿಗೆ ಅಳೆಯುವ ಜಾಗದಲ್ಲಿ ಸಹಿ ಖಾಲಿ ಉಳಿದರೆ ತೊಡಕು ಇನ್ನೊಂದು ಕಡೆಯಿಂದ ಬರುತ್ತದೆ. ಸರದಿಗೆ ಸಹಿ ಹಾಕಬೇಕಾದವರು ಅಧ್ಯಾಪಕರು, ಡ್ಯೂಟಿಯ ಪಿಜಿ ಅಲ್ಲ. ಬಂದ ಸಮಯ, ಹೋದ ಸಮಯ, ನೋಡಿದ ಕೇಸು, ಮೂರೂ ಅದೇ ಸಂಜೆ ಬರೆಸಿಕೊಳ್ಳಿ. ಆರು ಸಂಜೆಯದ್ದು ಕೊನೆಯಲ್ಲಿ ಒಂದೇ ಪೆನ್ನಿನಲ್ಲಿ ಬರೆದಿದ್ದರೆ ನೋಡಿದ ತಕ್ಷಣ ಗೊತ್ತಾಗುತ್ತೆ.

ಅರ್ಜಿ ಯಾವಾಗ ಕೊಡಬೇಕು? ಹುಷಾರಾಗಿ ಬಂದ ವಾರವೇ. ಮಕ್ಕಳ ವಿಭಾಗ ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ಬರುವ ವಿಷಯ, ಪರೀಕ್ಷೆ ಮಾತ್ರ ಕೊನೆಯ ವರ್ಷ. ನಿಯಮ ಪ್ರತಿ ಹಂತದಲ್ಲೂ 80% ಕೇಳುತ್ತದೆ. ಕೆಲವು ಕಡೆ ಎರಡನೇ ಹಂತದ ಈ ಕೊರತೆ ಆಗ ಯಾರ ಕಣ್ಣಿಗೂ ಬೀಳುವುದಿಲ್ಲ. ಪೆಥಾಲಜಿ, ಮೈಕ್ರೋಬಯಾಲಜಿ ಪಾಸಾಗುತ್ತದೆ, ಎಲ್ಲ ಸರಿಯಾಯಿತು ಅಂದುಕೊಳ್ಳುತ್ತೀರಿ. ಫೈನಲ್ ಇಯರ್ ಪರೀಕ್ಷೆಗೆ ಅರ್ಜಿ ಹಾಕುವಾಗ ಹಳೇ ಪಟ್ಟಿ ತೆಗೆದರೆ ಅಲ್ಲಿ 30% ಕೂತಿರುತ್ತದೆ. ಅಷ್ಟು ಹೊತ್ತಿಗೆ ಆ ಮುಖ್ಯಸ್ಥರು ವರ್ಗವಾಗಿರಬಹುದು, ಸಂಜೆಗಳೂ ಉಳಿದಿರುವುದಿಲ್ಲ.

ಎಲ್ಲ ಕಾಲೇಜುಗಳೂ ಇಷ್ಟು ಸಲೀಸಾಗಿ ಒಪ್ಪುವುದಿಲ್ಲ. ನನ್ನ ಕೇಳಿದರೆ ಇಂಥ ಸಂಜೆ ಸರದಿಗಳನ್ನು ವರ್ಷದ ವೇಳಾಪಟ್ಟಿಯಲ್ಲೇ ಅಚ್ಚು ಹಾಕಬೇಕು. ಇಲ್ಲದಿದ್ದರೆ ಅಟೆಂಡೆನ್ಸ್ ಹೋಗುತ್ತೆ ಅಂತ ಪ್ಯಾರಾಸಿಟಮಾಲ್ ನುಂಗಿ, ಮಾಸ್ಕ್ ಹಾಕಿಕೊಂಡು ಜ್ವರದಲ್ಲೇ ವಾರ್ಡಿಗೆ ಬರುತ್ತಾರೆ. ಅಂಥವರನ್ನು ನಾನೇ ಹಾಸ್ಟೆಲಿಗೆ ವಾಪಸ್ ಕಳಿಸಿದ್ದಿದೆ. ನಿಮ್ಮ ಕಮಿಟಿ ಆಗುವುದಿಲ್ಲ ಅಂದರೆ ಬಾಯಿಮಾತಿಗೆ ಬಿಡಬೇಡಿ. ಯಾವ ಪೋಸ್ಟಿಂಗ್, ಎಷ್ಟು ಗಂಟೆ ಬಾಕಿ, ಯಾಕೆ ಆಗುವುದಿಲ್ಲ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಆ ಬಾಕಿಯನ್ನು ಸಪ್ಲಿಮೆಂಟರಿ ಪರೀಕ್ಷೆಗೆ ಮುಂಚೆ ಮುಗಿಸಲು ಪೋಸ್ಟಿಂಗ್ ಹಾಕಿಕೊಡಿ ಅಂತ ಅದೇ ದಿನ ಇನ್ನೊಂದು ಅರ್ಜಿ ಕೊಟ್ಟು, ಅದರ ನಕಲಿನ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳಿ.