ಆರನೇ ಪ್ಯಾರಾದಲ್ಲಿ ಅಡಗಿ ಕೂತಿದ್ದ ಸುದ್ದಿ

ಪಂಪ್‌ಸೆಟ್ ಮಾಡೋ ಒಂದು ಕಂಪನಿಯಿಂದ ನಮ್ಮ ಆಫೀಸಿಗೆ, ಪತ್ರಿಕೆಗಳಿಗೆ ಕಳ್ಸೋ ಮುಂಚೆ ತಿದ್ದಿಕೊಡಿ ಅಂತ ಒಂದು ಪ್ರೆಸ್ ನೋಟ್ ಡ್ರಾಫ್ಟ್ ಬಂದಿತ್ತು, ಹೆಸರು ಬೇಡ ಬಿಡಿ. ಎರಡೂವರೆ ಪುಟ. ಮೊದಲನೇ ವಾಕ್ಯ ಹೀಗಿತ್ತು:

"1986ರಲ್ಲಿ ಪುಟ್ಟ ಶೆಡ್ಡೊಂದರಲ್ಲಿ ಕೇವಲ ಐವರು ಕಾರ್ಮಿಕರೊಂದಿಗೆ ಆರಂಭಗೊಂಡು, ಸಂಸ್ಥಾಪಕರ ದೂರದೃಷ್ಟಿ ಹಾಗೂ ಅವಿರತ ಪರಿಶ್ರಮದ ಫಲವಾಗಿ ಇಂದು ಹೆಮ್ಮರವಾಗಿ ಬೆಳೆದು ನಿಂತಿರುವ ನಮ್ಮ ಸಂಸ್ಥೆಯು, ಗ್ರಾಹಕರ ಸಂತೃಪ್ತಿಯೇ ತನ್ನ ಧ್ಯೇಯವೆಂದು ನಂಬಿ ನಾಡಿನ ರೈತರ ಸೇವೆಯಲ್ಲಿ ತನ್ನನ್ನು ತಾನು ತೊಡಗಿಸಿಕೊಂಡಿದೆ."

ಇದಾದ್ಮೇಲೆ ಎರಡನೇ ಫ್ಯಾಕ್ಟರಿ ಶುರುವಾಗಿದ್ದು, ಐಎಸ್ಒ ಸರ್ಟಿಫಿಕೇಟ್ ಬಂದಿದ್ದು, ಯಾರೋ ಮಂತ್ರಿಗಳು ಪ್ರಶಸ್ತಿ ಕೊಟ್ಟಿದ್ದು, ಎಂಡಿ ಸಾಹೇಬ್ರ ಫಾರಿನ್ ಟೂರು. ಆರನೇ ಪ್ಯಾರಾಗೆ ಬಂದ್ರೆ ಇದು: "ಈ ನಿಟ್ಟಿನಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟು, 5 ಮತ್ತು 7.5 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗಳ ವಾರಂಟಿ ಅವಧಿಯನ್ನು ವಿಸ್ತರಿಸುತ್ತಿರುವುದನ್ನು ತಿಳಿಸಲು ಹರ್ಷಿಸುತ್ತೇವೆ."

ಅಷ್ಟೇ. ಇಡೀ ನೋಟಲ್ಲಿ ಸುದ್ದಿ ಅನ್ನೋದು ಈ ಒಂದು ವಾಕ್ಯ, ಅದರಲ್ಲೂ ಎಷ್ಟರಿಂದ ಎಷ್ಟಕ್ಕೆ ವಿಸ್ತರಿಸಿದ್ದಾರೆ ಅಂತ ಇಲ್ಲ.

ಪತ್ರಿಕೆ ಡೆಸ್ಕಲ್ಲಿ ಇದಕ್ಕೆ ಏನಾಗತ್ತೆ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಕಂಪನಿಯವ್ರಿಗೆ ಅದು ಗೊತ್ತಿರಲ್ಲ. ಜಿಲ್ಲಾ ಪುಟ ನೋಡ್ಕೊಳ್ಳೋ ಸಬ್ ಎಡಿಟರ್ ಮುಂದೆ ಸಂಜೆ ಹೊತ್ತಿಗೆ ಇಂಥ ಮೇಲ್‌ಗಳು ರಾಶಿ ಬಿದ್ದಿರತ್ತೆ, ಅವ್ರು ಸಬ್ಜೆಕ್ಟ್ ಲೈನು, ಮೊದಲ ಎರಡು ವಾಕ್ಯ ನೋಡ್ತಾರೆ, ಏನೂ ಸಿಗ್ಲಿಲ್ಲ ಅಂದ್ರೆ ಮುಂದಿನ ಮೇಲಿಗೆ ಹೋಗ್ತಾರೆ. ಆರನೇ ಪ್ಯಾರಾ ತನಕ ಬರೋ ಪುರುಸೊತ್ತು ಯಾರಿಗೂ ಇಲ್ಲ. ಹಾಕ್ಕೊಂಡ್ರೂ ಸಿಂಗಲ್ ಕಾಲಂ ಜಾಗ, ಜಾಗ ಸಾಲ್ದಿದ್ರೆ ಕತ್ತರಿಸೋದು ಕೆಳಗಿಂದ. ಹಂಗಾಗಿ ಈ ಡ್ರಾಫ್ಟ್ ಇದ್ದಂಗೇ ಹೋಗಿದ್ರೆ ಪೇಪರಲ್ಲಿ ಉಳೀತಿದ್ದಿದ್ದು ಶೆಡ್ಡು ಮತ್ತು ಐವರು ಕಾರ್ಮಿಕರು, ವಾರಂಟಿ ಹಾರಿಹೋಗ್ತಿತ್ತು.

ನಾನು ಮೊದಲು ಮಾಡೋ ಕೆಲಸ ಎಡಿಟಿಂಗ್ ಅಲ್ಲ. ಪ್ರಿಂಟ್ ತಗೊಂಡು ಪೆನ್ನಲ್ಲಿ ಪ್ರತಿ ವಾಕ್ಯದ ಪಕ್ಕ ಒಂದು ಅಕ್ಷರ ಬರೀತೀನಿ. ಸುದ್ದಿ ಆದ್ರೆ ಸು, ಆ ಸುದ್ದಿಗೆ ಆಧಾರ ಕೊಡೋ ಮಾಹಿತಿ ಆದ್ರೆ ಆ, ಹಳೇ ಕಥೆ ಆದ್ರೆ ಹ, ಹೊಗಳಿಕೆ ಆದ್ರೆ ಹೊ. ಒಂದೇ ವಾಕ್ಯದಲ್ಲಿ ಎರಡು ಇದ್ರೆ ನಡುವೆ ಗೀಟು ಎಳೆದು ಬೇರೆ ಮಾಡ್ತೀನಿ. ಈ ನೋಟಲ್ಲಿ ಸು ಒಂದು ಬಂತು, ಆ ಎರಡು ಬಂತು, ಮಿಕ್ಕಿದ್ದೆಲ್ಲಾ ಹ ಮತ್ತು ಹೊ. ಈ ಹಾಳೆ ಎಸೀಬಾರದು, ಆಮೇಲೆ ಕ್ಲೈಂಟ್ ಜೊತೆ ಮಾತಾಡುವಾಗ ಇದೇ ಕೆಲಸಕ್ಕೆ ಬರೋದು, "ನಿಮ್ದು ಚೆನ್ನಾಗಿಲ್ಲ" ಅಂತ ಹೇಳೋ ಬದಲು ಹಾಳೆ ಮುಂದಿಟ್ರೆ ಅವ್ರೇ ನೋಡ್ಕೋತಾರೆ.

ಹ ಮತ್ತು ಹೊ ಅಂತ ಗುರುತು ಹಾಕಿದ್ದನ್ನೆಲ್ಲಾ ತೆಗೆದ್ಮೇಲೆ ಉಳಿದಿದ್ದು ನಾಲ್ಕು ಲೈನು. ಆ ನಾಲ್ಕು ಲೈನ್ ಇಟ್ಕೊಂಡು ಪ್ರೆಸ್ ನೋಟ್ ಮಾಡಕ್ಕಾಗಲ್ಲ, ಯಾಕಂದ್ರೆ ಅದ್ರಲ್ಲಿ ತೂತುಗಳೇ ಜಾಸ್ತಿ. ಹೊಗಳಿಕೆ ಇರೋ ತನಕ ತೂತು ಕಾಣ್ತಿರ್ಲಿಲ್ಲ. ನನ್ನ ಅನುಭವದಲ್ಲಿ ಹತ್ರ ಹತ್ರ ಎಲ್ಲಾ ಡ್ರಾಫ್ಟಲ್ಲೂ ಇದೇ ಕಥೆ, ಬರೆಯೋನ ಹತ್ರ ಮಾಹಿತಿ ಇರಲ್ಲ, ಮಾರ್ಕೆಟಿಂಗಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಮ್ಯಾನೇಜರ್ರು "ವಾರಂಟಿ ಜಾಸ್ತಿ ಮಾಡಿದೀವಿ, ಒಂದು ಪ್ರೆಸ್ ನೋಟ್ ಬರೆದ್ಬಿಡು" ಅಂದಿರ್ತಾರೆ, ಅವನು ಪಾಪ ವೆಬ್‌ಸೈಟಿಂದ ಕಂಪನಿ ಇತಿಹಾಸ ಎತ್ತಿ ಪುಟ ತುಂಬಿಸಿರ್ತಾನೆ. ಹಂಗಾಗಿ ಅರ್ಧ ಕೆಲಸ ಕತ್ತರಿಸೋದಾದ್ರೆ ಇನ್ನರ್ಧ ಫೋನ್ ಮಾಡಿ ಕೇಳೋದು.

ಮಾರ್ಕೆಟಿಂಗ್‌ಗೆ ಫೋನ್ ಮಾಡಿದ್ರೆ ಮತ್ತೆ ಹೊಗಳಿಕೆನೇ ಸಿಗತ್ತೆ. ನಾನು ಕೇಳಿದ್ದು ಸರ್ವಿಸ್ ಡಿಪಾರ್ಟ್‌ಮೆಂಟ್ ನೋಡ್ಕೊಳ್ಳೋರನ್ನ, ಅವ್ರು ದಿನಾ ರೈತರ ಹತ್ರ ಬೈಸ್ಕೊಳ್ಳೋರು, ಅವ್ರಿಗೆ ಎಲ್ಲಾ ಗೊತ್ತಿರತ್ತೆ. ಎಷ್ಟು ವರ್ಷದಿಂದ ಎಷ್ಟಕ್ಕೆ? ಒಂದರಿಂದ ಮೂರಕ್ಕೆ. ಯಾವತ್ತಿಂದ? ಏಪ್ರಿಲ್ 1ರಿಂದ. ಈಗಾಗ್ಲೇ ತಗೊಂಡೋರಿಗೆ? ಇಲ್ಲಿ ಅವ್ರು ಒಂದು ನಿಮಿಷ ತಡೀರಿ ಅಂತ ಯಾರ್ನೋ ಕೇಳ್ಕೊಂಡು ಬಂದು, ಹಿಂದಿನ ವರ್ಷದ ಏಪ್ರಿಲ್ ನಂತರ ತಗೊಂಡೋರಿಗೂ ಉಂಟು, ಆದ್ರೆ ಅವ್ರು ಜೂನ್ 30ರೊಳಗೆ ಬಿಲ್ ತಗೊಂಡು ಡೀಲರ್ ಹತ್ರ ಹೋಗಿ ಹೆಸರು ಬರೆಸ್ಬೇಕು ಅಂದ್ರು. ನೋಡಿ, ಇಡೀ ನೋಟಲ್ಲಿ ಎಲ್ಲಕ್ಕಿಂತ ದೊಡ್ಡ ಸುದ್ದಿ ಇದು, ಈಗಾಗ್ಲೇ ಬೋರಲ್ಲಿ ಇಳಿಬಿಟ್ಟಿರೋ ಮೋಟರ್‌ಗೆ ಇನ್ನೆರಡು ವರ್ಷ ವಾರಂಟಿ ಸಿಗತ್ತೆ, ಅದಕ್ಕೊಂದು ಕೊನೇ ದಿನಾಂಕನೂ ಇದೆ, ಇದು ಡ್ರಾಫ್ಟಲ್ಲಿ ಎಲ್ಲೂ ಇರ್ಲೇ ಇಲ್ಲ.

ಆಮೇಲೆ ಷರತ್ತು ಕೇಳಿದೆ. ಬೋರಲ್ಲಿ ನೀರು ಇಳಿದುಹೋಗಿ ಮೋಟರ್ ಬರಿದೇ ಓಡಿ ಕೆಟ್ರೆ ವಾರಂಟಿ ಇಲ್ಲ. ವೋಲ್ಟೇಜ್ ಕಮ್ಮಿಯಾಗಿ ಕಾಯಿಲ್ ಸುಟ್ರೆ? ಅದು ಮೋಟರ್ ಆನ್ ಆಫ್ ಮಾಡೋ ಪ್ಯಾನೆಲ್ ಬೋರ್ಡ್ ಎಂಥದ್ದು ಅನ್ನೋದ್ರ ಮೇಲೆ ಅಂದ್ರು, ಕರೆಂಟ್ ಜಾಸ್ತಿ ಎಳೆದ್ರೆ ಇಲ್ಲಾ ಒಂದು ಫೇಸ್ ಹೋದ್ರೆ ಮೋಟರ್ ನಿಲ್ಲಿಸೋ ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ ಇರೋ ಪ್ಯಾನೆಲ್ ಹಾಕಿದ್ರೆ ಮಾತ್ರ ಉಂಟು. ಹಳ್ಳಿ ಕಡೆ ಮೋಟರ್ ಸುಡೋದೇ ಹೀಗೆ, ಮೂರು ಫೇಸಲ್ಲಿ ಒಂದು ಹೋಗತ್ತೆ, ಮಿಕ್ಕ ಎರಡರಲ್ಲಿ ಕರೆಂಟ್ ಜಾಸ್ತಿ ಎಳೆದು ವೈಂಡಿಂಗ್ ಕಾದು ಸುಟ್ಟೋಗತ್ತೆ, ವೋಲ್ಟೇಜ್ ಬಿದ್ರೂ ಹತ್ರ ಹತ್ರ ಅದೇ ಪಾಡು. ಅಂದ್ಮೇಲೆ ಪ್ಯಾನೆಲ್ ಷರತ್ತನ್ನ ಹೇಳ್ದೇ "3 ವರ್ಷ ವಾರಂಟಿ" ಅಂತ ಮಾತ್ರ ಹಾಕಿದ್ರೆ ಓದಿದ ರೈತ ನಾಳೆ ಸುಟ್ಟ ಮೋಟರ್ ತಗೊಂಡು ಡೀಲರ್ ಅಂಗಡಿ ಮುಂದೆ ಜಗಳಕ್ಕೆ ನಿಲ್ತಾನೆ, ಅವನ ಕೈಯಲ್ಲಿ ಪೇಪರ್ ಕಟಿಂಗೂ ಇರತ್ತೆ.

ಹೀಗೆ ಎಲ್ಲಾ ಕಲೆಹಾಕಿದ್ಮೇಲೆ ಮೊದಲ ಪ್ಯಾರಾ ಈ ಥರ ಆಯ್ತು, ಕಂಪನಿ ಹೆಸರು ಇರೋ ಕಡೆ ಇಲ್ಲಿ ಬರೀ "ಕಂಪನಿ" ಅಂತ ಹಾಕಿದೀನಿ:

"5 ಮತ್ತು 7.5 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗಳ ವಾರಂಟಿಯನ್ನು ಕಂಪನಿ 1 ವರ್ಷದಿಂದ 3 ವರ್ಷಕ್ಕೆ ಹೆಚ್ಚಿಸಿದೆ. ಕಳೆದ ವರ್ಷದ ಏಪ್ರಿಲ್ 1ರ ನಂತರ ಖರೀದಿಸಿದವರಿಗೂ ಇದು ಅನ್ವಯಿಸುತ್ತದೆ. ಅಂಥವರು ಜೂನ್ 30ರೊಳಗೆ ಬಿಲ್‌ನೊಂದಿಗೆ ಡೀಲರ್ ಬಳಿ ನೋಂದಾಯಿಸಿಕೊಳ್ಳಬೇಕು."

ಎರಡನೇ ಪ್ಯಾರಾದಲ್ಲಿ ಷರತ್ತು, ಮೂರನೇದ್ರಲ್ಲಿ ಯಾಕೆ ಹೆಚ್ಚಿಸಿದ್ರು ಅಂತ, ನಾಲ್ಕನೇದು ಸರ್ವಿಸ್ ಸೆಂಟರ್‌ಗಳು ಎಲ್ಲೆಲ್ಲಿವೆ, ಕೊನೆಗೆ ಫೋನ್ ನಂಬರ್. ಕೆಳಗಿಂದ ಎಷ್ಟೇ ಕತ್ತರಿಸಿದ್ರೂ ಮೊದಲ ಪ್ಯಾರಾ ಒಂದೇ ಉಳಿದ್ರೂ ರೈತನಿಗೆ ಏನ್ ಮಾಡ್ಬೇಕು ಅಂತ ಗೊತ್ತಾಗತ್ತೆ. ಷರತ್ತಿನ ಪ್ಯಾರಾ ಕತ್ತರಿ ತಿನ್ನೋ ಭಯ ಇದ್ದಿದ್ದಕ್ಕೆ ಮೊದಲ ಪ್ಯಾರಾದ ಕೊನೆಗೆ "ನಿಗದಿತ ಪ್ಯಾನೆಲ್ ಬೋರ್ಡ್ ಅಳವಡಿಕೆ ಕಡ್ಡಾಯ" ಅಂತ ಇನ್ನೊಂದು ಸಣ್ಣ ವಾಕ್ಯ ಆಮೇಲೆ ಸೇರಿಸಿದ್ದು.

ಎಂಡಿಯವ್ರ ಹೇಳಿಕೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಡ್ರಾಫ್ಟಲ್ಲಿ ಇದ್ದಿದ್ದು "ನಮಗೆ ಅತೀವ ಹರ್ಷ ತಂದಿದೆ, ಗ್ರಾಹಕರೇ ನಮ್ಮ ದೇವರು" ಅಂತ. ಇಂಥದ್ದನ್ನ ಡೆಸ್ಕಲ್ಲಿ ಮೊದಲು ಹೊಡೆದುಹಾಕ್ತಾರೆ, ಅದರ ಜೊತೆ ಎಂಡಿ ಹೆಸರೂ ಹೋಗತ್ತೆ. ಹೇಳಿಕೆ ಉಳೀಬೇಕು ಅಂದ್ರೆ ಅದ್ರಲ್ಲಿ ಬೇರೆಲ್ಲೂ ಇಲ್ಲದ ಒಂದು ಮಾಹಿತಿ ಇರ್ಬೇಕು. ಹಂಗಾಗಿ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ, ಸಾರ್ ಈಗ್ಯಾಕೆ ಮೂರು ವರ್ಷ ಕೊಡ್ತಿದೀರಿ, ನಿಮಗೆ ನಷ್ಟ ಅಲ್ವಾ? ಅವ್ರು ಫಟ್ ಅಂತ ಹೇಳಿದ್ರು, ವಾಪಸ್ ಬರೋ ಮೋಟರ್‌ಗಳನ್ನ ಬಿಚ್ಚಿ ನೋಡಿದ್ರೆ ಸರಿಯಾದ ಪ್ಯಾನೆಲ್ ಇಲ್ದೇ ಸುಟ್ಟಿರೋವೇ ಜಾಸ್ತಿ ಕಣ್ರೀ, ಪ್ಯಾನೆಲ್ ಹಾಕಿಸಿದ್ರೆ ನಮಗೂ ಖರ್ಚು ಕಮ್ಮಿ, ಅದಕ್ಕೇ ಈ ಆಸೆ ತೋರಿಸ್ತಿರೋದು ಅಂತ. ಇದನ್ನೇ ಸ್ವಲ್ಪ ನೀಟಾಗಿ ಬರೆದು ಅವ್ರಿಗೆ ಕಳ್ಸಿ ಒಪ್ಪಿಗೆ ತಗೊಂಡು ಹಾಕಿದ್ವಿ, "ಆಸೆ" ಅನ್ನೋ ಪದ ಮಾತ್ರ ಬೇಡ ಅಂದ್ರು.

ಇಷ್ಟಾದ್ಮೇಲೂ ಮುಖ್ಯ ತಕರಾರು ಬಂದಿದ್ದು ಸಂಸ್ಥಾಪಕರ ವಿಷಯಕ್ಕೆ. ದೊಡ್ಡ ಯಜಮಾನ್ರ ಹೆಸರು ಮೊದಲನೇ ಪ್ಯಾರಾದಲ್ಲಿ ಇಲ್ಲ ಅಂದ್ರೆ ಮನೇಲಿ ಏನಂತಾರೆ ಅಂತ ಅವ್ರ ಆಫೀಸಿಂದ ಫೋನು. ಇದನ್ನ ಅಹಂಕಾರ ಅಂತ ತಳ್ಳಿಹಾಕೋದು ಸುಲಭ, ಆದ್ರೆ ಅವ್ರಿಗೆ ಅದು ನಿಜವಾದ ಕಷ್ಟ, ಅಪ್ಪ ಕಟ್ಟಿದ ಕಂಪನಿ. ನಾನು ಮಾಡಿದ್ದು ಇಷ್ಟು, ಇತಿಹಾಸನೆಲ್ಲಾ ಕೆಳಗೆ "ಕಂಪನಿ ಬಗ್ಗೆ" ಅಂತ ಐವತ್ತು ಪದದ ಪ್ಯಾರಾ ಮಾಡಿದೆ, ಅದ್ರಲ್ಲಿ ಯಜಮಾನ್ರ ಹೆಸರು, 1986, ಶೆಡ್ಡು ಎಲ್ಲಾ ಬಂತು. ಉದ್ದದ ಕಥೆನ ಬೇರೆ ಫೈಲಲ್ಲಿ ಹಾಕಿ, ಫೀಚರ್ ಬರೆಯೋರು ಕೇಳಿದ್ರೆ ಕೊಡೋಣ ಅಂದೆ. ಇತಿಹಾಸದಲ್ಲಿ ಒಂದು ತುಣುಕು ಮಾತ್ರ ಮೇಲೆ ತಂದೆ, ತಾಲೂಕು ಮಟ್ಟದಲ್ಲಿ ಅವ್ರಿಗೆ ಸ್ವಂತ ಸರ್ವಿಸ್ ಸೆಂಟರ್‌ಗಳಿವೆ ಅನ್ನೋದು. ವಾರಂಟಿ ಕೊಟ್ರೆ ರಿಪೇರಿ ಎಲ್ಲಿ ಅನ್ನೋ ಪ್ರಶ್ನೆಗೆ ಅದು ಉತ್ತರ, ಹಂಗಾಗಿ ಅದು ಹ ಅಲ್ಲ, ಆ. ಕಂಪನಿಗೆ ಐವತ್ತು ವರ್ಷ ತುಂಬಿದಾಗ್ಲೋ ಹಳೇ ಫ್ಯಾಕ್ಟರಿ ಮುಚ್ಚುವಾಗ್ಲೋ ಆದ್ರೆ ಆ ಶೆಡ್ಡೇ ಸುದ್ದಿ, ಆಗ ಇದೇ ಕತ್ತರಿ ಬೇರೆ ಕಡೆ ಓಡತ್ತೆ.

ಈ ಜಗಳ ಇವತ್ತಿಂದಲ್ಲ ಬಿಡಿ. ಪ್ರೆಸ್ ರಿಲೀಸ್ ಅನ್ನೋ ಪದ್ಧತಿ ಶುರು ಮಾಡಿದ್ರು ಅಂತ ಹೆಸರಾಗಿರೋ ಅಮೆರಿಕದ ಐವಿ ಲೀ 1906ರಲ್ಲೇ ಪತ್ರಿಕೆಗಳಿಗೆ ಬರೆದು, ನಾವು ಕಳ್ಸಿದ್ದು ಜಾಹೀರಾತು ವಿಭಾಗಕ್ಕೆ ಹೋಗ್ಬೇಕಾದ ಮಾಲು ಅನ್ನಿಸಿದ್ರೆ ಬಳಸ್ಬೇಡಿ ಅಂದಿದ್ರು. ಆರು ಪ್ಯಾರಾ ಹೊಗಳಿಕೆ ನೋಡಿದಾಗ ಡೆಸ್ಕಿನವ್ರು ಈಗ್ಲೂ ಅದನ್ನೇ ಹೇಳೋದು, "ಇದನ್ನ ಆಡ್ ಸೆಕ್ಷನ್‌ಗೆ ಕೊಡಿ ಸಾರ್".

ಕಳ್ಸೋ ವಿಧಾನದ ಬಗ್ಗೆ ಒಂದೇ ಮಾತು. ಲೆಟರ್‌ಹೆಡ್ ಮೇಲೆ ಪ್ರಿಂಟ್ ಹಾಕಿ ಸೀಲ್ ಒತ್ತಿ ಸ್ಕ್ಯಾನ್ ಮಾಡಿದ ಪಿಡಿಎಫ್ ಕಳ್ಸಿದ್ರೆ ಅದನ್ನ ಯಾರೋ ಮತ್ತೆ ಟೈಪ್ ಮಾಡ್ಬೇಕು, ಯಾರೂ ಮಾಡಲ್ಲ. ನುಡಿ ಸಾಫ್ಟ್‌ವೇರ್‌ನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಮೇಲಿಗೆ ಪೇಸ್ಟ್ ಮಾಡಿದ್ರೆ ಆ ಕಡೆ ಬರೀ ಇಂಗ್ಲಿಷ್ ಅಕ್ಷರದ ಗೋಜಲು ಕಾಣತ್ತೆ. ಯೂನಿಕೋಡ್‌ನಲ್ಲಿ ಮೇಲ್ ಒಳಗೇ ಟೆಕ್ಸ್ಟ್ ಹಾಕಿ, ಸಬ್ಜೆಕ್ಟ್ ಲೈನಲ್ಲಿ "ಪತ್ರಿಕಾ ಪ್ರಕಟಣೆ" ಅನ್ನೋ ಬದಲು "ಪಂಪ್‌ಸೆಟ್ ವಾರಂಟಿ 3 ವರ್ಷಕ್ಕೆ, ಹಳೇ ಖರೀದಿಗೂ ಅನ್ವಯ" ಅಂತ ಹಾಕಿದ್ವಿ.

ನೋಟ್ ಹೋಗಿದ್ದ ಸಂಜೆ ಒಬ್ರು ತಾಲೂಕು ವರದಿಗಾರ್ರು ಫೋನ್ ಮಾಡಿದ್ರು, ಅವ್ರದೂ ಅಡಿಕೆ ತೋಟ, ಅವ್ರ ಬೋರಲ್ಲೂ ಇದೇ ಕಂಪನಿ ಮೋಟರ್. "ಅದೆಲ್ಲಾ ಸರಿ ಸಾರ್, ಬೋರಿಂದ ಮೋಟರ್ ಎತ್ತಿಸೋ ಖರ್ಚು ಯಾರ್ದು?" ಅಂದ್ರು. ಮೋಟರ್ ಆಳದಲ್ಲಿದ್ರೆ ಪೈಪ್ ಸಮೇತ ಎತ್ತಿಸಿ ಮತ್ತೆ ಇಳಿಸೋದು ಸಣ್ಣ ಖರ್ಚಲ್ಲ. ಸರ್ವಿಸ್‌ನವ್ರನ್ನ ಕೇಳಿದ್ರೆ ಅದು ರೈತರದ್ದೇ ಅಂದ್ರು. ಮಾರ್ಕೆಟಿಂಗ್‌ನವ್ರು ಅದನ್ನ ಬರೆಯೋದು ಬೇಡ, ನೆಗೆಟಿವ್ ಆಗತ್ತೆ ಅಂತ ಹಿಡ್ಕೊಂಡ್ರು, ಸರ್ವಿಸ್‌ನವ್ರು ಹಾಕ್ಲೇಬೇಕು, ಇಲ್ದಿದ್ರೆ ಬೈಸ್ಕೊಳ್ಳೋರು ನಾವು ಅಂತ ಕೂತ್ರು. ಕೊನೆಗೆ ಎಂಡಿಯವ್ರೇ ಹಾಕಿ ಅಂದ್ರು, ಮಾರನೇ ದಿನ ಮಿಕ್ಕ ಪತ್ರಿಕೆಗಳಿಗೆ ಹೋದ ನೋಟಲ್ಲಿ ಷರತ್ತಿನ ಪ್ಯಾರಾದ ಮೊದಲನೇ ವಾಕ್ಯ ಅದೇ ಆಗಿತ್ತು.