ದಪ್ಪ ಟೈರು, ಚಪಾತಿ ಹಿಟ್ಟು

ಸಕಲೇಶಪುರದ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಭಾವನ ಮಾರುತಿ ಜಿಮ್ನಿ ಗಾಡಿಗೆ ಹೊಸ ಟೈರು ಹಾಕಿಸುವ ಕಾಲ ಬಂದಿತ್ತು. ಕಂಪನಿಯಿಂದ ಬಂದದ್ದು 195/80 ಆರ್ 15. ಭಾವನ ಕಣ್ಣು ಮಾತ್ರ ಅದಕ್ಕಿಂತ ದಪ್ಪದ 235/75 ಆರ್ 15ರ ಮೇಲಿತ್ತು. ಟೈರು ಅಂಗಡಿಯವರು ಮಡ್‌ಗಾರ್ಡ್ ಕೆಳಗೆ ಕೈ ತೂರಿಸಿ, "ನಾಲ್ಕು ಬೆರಳು ಜಾಗ ಇದೆ ಸಾರ್, ಆರಾಮಾಗಿ ಕೂರುತ್ತೆ" ಅಂದಿದ್ದರಂತೆ. ನಾನು ಹೋದಾಗ ಭಾವನೂ ಅದನ್ನೇ ಕೈ ಹಾಕಿ ತೋರಿಸಿದರು.

ಆ ನಾಲ್ಕು ಬೆರಳು ಸುಳ್ಳಲ್ಲ. ಆದರೆ ಅದು ಗಾಡಿ ಸಮತಟ್ಟಾದ ಜಾಗದಲ್ಲಿ, ಸ್ಟೇರಿಂಗ್ ನೇರ ಇಟ್ಟುಕೊಂಡು ಸುಮ್ನೆ ನಿಂತಿರುವಾಗಿನ ಜಾಗ. ಟೈರು ಉಜ್ಜುವುದು ಆವಾಗ ಅಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿದಾಗ, ಅದರ ಜೊತೆಗೆ ಒಂದು ಚಕ್ರ ಮೇಲೆದ್ದಾಗ ಉಜ್ಜುತ್ತದೆ. ಅಳೆಯಬೇಕಾದ್ದೂ ಆವಾಗಲೇ.

"ಭಾವ, ಗಾಡೀನ ಕಣಕ್ಕೆ ತಗೊಳ್ಳಿ" ಅಂದೆ. ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಸಮನಾದ ನೆಲ ತೋಟದಲ್ಲಿ ಬೇರೆ ಇಲ್ಲ. ಜಾಕ್ ಹಾಕಿ ಚಕ್ರ ನೇತಾಡಿಸಿ ಅಳೆದರೆ ಉಪಯೋಗವಿಲ್ಲ, ಸ್ಪ್ರಿಂಗ್ ಬಿಚ್ಚಿಕೊಂಡು ಮಡ್‌ಗಾರ್ಡ್ ಕೆಳಗೆ ಜಾಗ ಜಾಸ್ತಿ ಕಾಣುತ್ತದೆ. ಚಕ್ರ ನೆಲದ ಮೇಲೇ ಇರಬೇಕು, ಗಾಳಿ ಸರಿಯಾಗಿರಬೇಕು.

ಜಿಮ್ನಿಯ ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. ಅದನ್ನು ಹಿಡಿದುಕೊಂಡು ಎರಡು ಕಡೆಯಿಂದಲೂ ಒಂದೊಂದು ದಪ್ಪ ಕಬ್ಬಿಣದ ತೋಳು ಹಿಂದಕ್ಕೆ ಹೋಗಿ ಚಾಸಿಗೆ ಸೇರುತ್ತದೆ. ಲೀಡಿಂಗ್ ಆರ್ಮ್ ಅನ್ನುವುದು ಅದನ್ನೇ. ಎಡಕ್ಕೆ ಪೂರ್ತಿ ತಿರುಗಿಸಿದರೆ ಎಡ ಚಕ್ರದ ಮುಂಭಾಗ ಹೊರಗೆ ಬರುತ್ತದೆ, ಹಿಂಭಾಗ ಒಳಗೆ ಹೋಗಿ ಈ ತೋಳಿನ ಪಕ್ಕಕ್ಕೆ ನಿಲ್ಲುತ್ತದೆ. ಮೇಲಿನ ಮಡ್‌ಗಾರ್ಡ್ ನೋಡುವವರು ಯಾರೂ ಬಗ್ಗಿ ಇಲ್ಲಿ ನೋಡುವುದಿಲ್ಲ. ಈ ಗಾಡಿಯಲ್ಲಿ ಮೊದಲು ಇಕ್ಕಟ್ಟಾಗುವುದು ಇಲ್ಲೇ.

ಅಲ್ಲಿಗೆ ಟೇಪು ಹೋಗುವುದಿಲ್ಲ, ಕೈಯೂ ಸರಿಯಾಗಿ ಹೋಗುವುದಿಲ್ಲ. ಅಕ್ಕನ ಹತ್ತಿರ ಚಪಾತಿ ಹಿಟ್ಟು ಕೇಳಿದೆ. "ಟೈರಿಗಾ?" ಅಂದಳು, ಆದರೂ ಕೊಟ್ಟಳು. ಹಿಟ್ಟು ಸ್ವಲ್ಪ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಜೋತು ಬೀಳುತ್ತದೆ. ತೋಳನ್ನು ಒರೆಸಿ, ಟೈರು ಹತ್ತಿರ ಬರುವ ಕಡೆ ದಪ್ಪ ಉಂಡೆ ಮೆತ್ತಿದೆ. ಮೇಲೆ ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆ ಹೊದಿಸಿದೆ, ಟೈರಿಗೆ ಅಂಟಬಾರದಲ್ವಾ. ಭಾವ ಇಂಜಿನ್ ಚಾಲೂ ಮಾಡಿ ಸ್ಟೇರಿಂಗನ್ನು ಕೊನೆಯ ತನಕ ನಿಧಾನಕ್ಕೆ ತಿರುಗಿಸಿದರು, ಮತ್ತೆ ನೇರ ಮಾಡಿದರು. ಇಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ನಾನು ಕೆಳಗೆ ತೂರಿದೆ. ಹಿಟ್ಟಿನಲ್ಲಿ ಟೈರಿನ ಭುಜದ ಗುರುತು ಅಚ್ಚು ಒತ್ತಿದ ಹಾಗೆ ಮೂಡಿತ್ತು. ಅತಿ ತೆಳ್ಳಗಿರುವ ಕಡೆ ಬೆಂಕಿಕಡ್ಡಿ ಚುಚ್ಚಿ, ಉಗುರಿನಿಂದ ಗುರುತು ಮಾಡಿ ಅಳೆದೆ. ಎಡಗಡೆ 22 ಮಿಲಿಮೀಟರ್. ಬಲಗಡೆ ಇದಕ್ಕಿಂತ ಸ್ವಲ್ಪ ಜಾಸ್ತಿ. ಕಡಿಮೆ ಇರುವುದನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಆಮೇಲೆ ಕಾಗದದ ಲೆಕ್ಕ. ಮೊದಲ ಅಂಕಿ ಅಗಲ, ಎರಡನೆಯದು ಟೈರಿನ ಗೋಡೆ ಆ ಅಗಲದ ಶೇಕಡಾ ಎಷ್ಟು ಎತ್ತರ ಅನ್ನುವುದು. 15 ಇಂಚಿನ ರಿಮ್ ಅಂದರೆ 381 ಮಿಲಿಮೀಟರ್. ಅದಕ್ಕೆ ಮೇಲೂ ಕೆಳಗೂ ಗೋಡೆ ಸೇರಿಸಿದರೆ 195/80ರ ಪೂರ್ತಿ ಎತ್ತರ 693 ಆಗುತ್ತದೆ. ನಡುವಿನ ಅಳತೆಯ 215/75 ಹಾಕಿದರೆ ಸುಮಾರು 703, 235/75 ಹಾಕಿದರೆ 733. ರಿಮ್ ಹಳೆಯದೇ ಆದರೆ ಹೆಚ್ಚಾದ ಅಗಲದ ಅರ್ಧ ಒಳಗೆ, ಅರ್ಧ ಹೊರಗೆ ಹೋಗುತ್ತದೆ. ಹೆಚ್ಚಾದ ಎತ್ತರದ್ದೂ ಹಾಗೇ, ಮಧ್ಯದಿಂದ ಲೆಕ್ಕ ಹಾಕಿದರೆ ಅರ್ಧ. ಅಂದರೆ 215ಕ್ಕೆ ಒಳಗಡೆ 10, ಸುತ್ತಲೂ 5. 235ಕ್ಕೆ ಎರಡೂ 20.

ಇಷ್ಟಕ್ಕೇ ನಿಲ್ಲಿಸುವವರು ಒಂದು ವಿಷಯ ಬಿಡುತ್ತಾರೆ. ಅಳೆದದ್ದು ಸವೆದ ಟೈರು. ಭಾವನ ಟೈರಿನ ನೆಲಕ್ಕೆ ತಾಗುವ ಬಟನ್ ಸುಮಾರು 3 ಮಿಲಿಮೀಟರ್ ಸವೆದಿತ್ತು. ಹೊಸ ಟೈರು ಅದನ್ನೂ ತುಂಬಿಕೊಂಡು ಬರುತ್ತದೆ, ಹಾಗಾಗಿ ಸುತ್ತಲಿನ 5 ಈಗ 8 ಆಯಿತು, 20 ಈಗ 23.

ಇನ್ನು ಈ ಅಗಲ, ಎತ್ತರ ಎರಡೂ ಪೂರ್ತಿಯಾಗಿ ತೋಳಿನ ಕಡೆಗೆ ಹೋಗುವುದಿಲ್ಲ, ಚಕ್ರ ಓರೆಯಾಗಿರುತ್ತದೆ. ಸುಮಾರು 35 ಡಿಗ್ರಿ ತಿರುಗಿದೆ ಅಂತ ಹಿಡಿದರೆ, ಅಗಲದ ಹತ್ತರಲ್ಲಿ ಎಂಟು ಪಾಲು ತೋಳಿನ ಕಡೆಗೆ ಹೋಗುತ್ತದೆ, ಎತ್ತರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅದಕ್ಕೆ ಸೇರುತ್ತದೆ. 215ಕ್ಕೆ 8 ಮತ್ತು 5, ಒಟ್ಟು 13. 22ರಲ್ಲಿ 9 ಉಳಿಯಿತು. 235ಕ್ಕೆ 16 ಮತ್ತು 13, ಒಟ್ಟು 29. ಇರುವುದೇ 22.

ಭಾವ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಏಳು ಮಿಲಿಮೀಟರ್ ತಾನೆ, ಉಜ್ಜಿ ಉಜ್ಜಿ ಜಾಗ ಮಾಡಿಕೊಳ್ಳತ್ತೆ ಬಿಡು" ಅಂದರು. ಮಾಡಿಕೊಳ್ಳುವುದು ಟೈರಲ್ಲ, ಕಬ್ಬಿಣ. ತೋಳಿನ ಬಣ್ಣ ಹೋಗಿ ಒಂದು ಕಡೆ ಕನ್ನಡಿ ಹಾಗೆ ಹೊಳೆಯುತ್ತದೆ, ಟೈರಿನ ಒಳಗೋಡೆಯಲ್ಲಿ ಸುತ್ತಲೂ ಗೆರೆ ಬೀಳುತ್ತದೆ. ಸೈಡ್‌ವಾಲ್ ಟೈರಿನ ತೆಳು ಭಾಗ, ಅಲ್ಲಿ ನೂಲು ಕಂಡರೆ ಪಂಚರ್ ಹಾಕಿಸಿ ಓಡಿಸುವ ಹಾಗಿಲ್ಲ. 235ಕ್ಕೆ ಇನ್ನೊಂದು ತೊಡಕೂ ಇದೆ: ಈ ಗಾಡಿಯ ರಿಮ್ ಅಗಲ ಐದೂವರೆ ಇಂಚು, ಆ ಟೈರು ಕೇಳುವುದು ಕನಿಷ್ಠ ಆರು. 215 ಐದೂವರೆಯಲ್ಲೇ ಕೂರುತ್ತದೆ.

ಉಳಿದ 9 ಸಾಕಾ ಅನ್ನುವುದಕ್ಕೆ ಚಕ್ರ ಮೇಲೆದ್ದಾಗಿನ ಪರೀಕ್ಷೆಯೂ ಬೇಕಿತ್ತು. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡಕ್ಕೂ ಹಳೆ ಹಲಗೆ ಜೋಡಿಸಿ ಹತ್ತಿಸಿದೆವು. ಹೀಗೆ ಕರ್ಣವಾಗಿ ಎತ್ತಿದರೆ ಎತ್ತಿದ ಚಕ್ರ ಮಡ್‌ಗಾರ್ಡ್ ಒಳಕ್ಕೆ ನುಗ್ಗುತ್ತದೆ. ಆಕ್ಸಲ್ ಮೇಲೇಳುವುದನ್ನು ತಡೆಯುವ ಬಂಪ್ ಸ್ಟಾಪ್ ರಬ್ಬರು ತಾಗಿದರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯಲ್ಲ. ರಬ್ಬರು ಇರುವುದು ಒಳಗೆ, ಚಕ್ರ ಇರುವುದು ಅದಕ್ಕಿಂತ ಹೊರಗೆ. ಅತ್ತ ಮುಂದಿನ ಬಲ ಚಕ್ರ ಕೆಳಗಿಳಿಯುತ್ತಿದ್ದರೆ, ರಬ್ಬರನ್ನೇ ಆಧಾರ ಮಾಡಿಕೊಂಡು ಎಡ ಚಕ್ರ ಇನ್ನೂ ಮೇಲೇಳುತ್ತದೆ. ಅದಕ್ಕೇ ಆ ಮುಂದಿನ ಬಲ ಚಕ್ರ ಹಗುರಾಗಿ ನೆಲದಿಂದ ಬಿಡುವ ತನಕ ಹಲಗೆ ಸೇರಿಸಿದೆವು. ಆ ಸ್ಥಿತಿಯಲ್ಲಿ ಟೈರಿಗೂ ಮೇಲಿನ ಪ್ಲಾಸ್ಟಿಕ್ ಲೈನರಿಗೂ ಇನ್ನೂ ಎರಡು ಬೆರಳು ಜಾಗ ಇತ್ತು. ಮತ್ತೆ ಹಿಟ್ಟು ಮೆತ್ತಿ ಸ್ಟೇರಿಂಗ್ ತಿರುಗಿಸಿದೆವು. ತೋಳಿನ ಹತ್ತಿರದ ಅಳತೆ ಹೆಚ್ಚುಕಮ್ಮಿ ಅಷ್ಟೇ ಬಂತು. ತೋಳು ಆಕ್ಸಲ್ ಜೊತೆಗೇ ಏಳುತ್ತದೆ, ಬರಲೇಬೇಕು.

215 ಹಾಕಿಸಿದೆವು. ಹಾಕಿಸಿದ ದಿನವೇ ಎರಡೂ ತೋಳಿಗೆ ಸೀಮೆಸುಣ್ಣ ಬಳಿದು, ಹಿಂದೆ ಗೊಬ್ಬರದ ಮೂಟೆ ಹೇರಿ, ತೋಟದ ಇಳಿಜಾರಿನಲ್ಲಿ ಪೂರ್ತಿ ತಿರುಗಿಸಿಕೊಂಡು ರಿವರ್ಸ್ ತೆಗೆಸಿದೆ. ರಿವರ್ಸ್‌ನಲ್ಲಿ ಬ್ರೇಕ್ ಹಿಡಿದಾಗ ತೋಳಿನ ರಬ್ಬರ್ ಬುಷ್ ಒತ್ತಿಕೊಂಡು ಆಕ್ಸಲ್ ಸ್ವಲ್ಪ ಜರುಗುತ್ತದೆ, ಮುಂದೆ ಹೋಗುವಾಗ ಉಜ್ಜದ ಟೈರು ಆವಾಗ ಉಜ್ಜಬಹುದು. ಸುಣ್ಣ ಅಳಿಸಿರಲಿಲ್ಲ. ಮಳೆಗಾಲದ ಕೆಂಪು ಮಣ್ಣು ಟೈರಿಗೆ ಮೆತ್ತಿಕೊಂಡರೆ ಆ 9ರಲ್ಲಿ ಒಂದಷ್ಟು ಹೋಗುತ್ತದೆ. ಆದರೆ ಮಣ್ಣು ತಾನೇ ಉದುರುತ್ತದೆ, ಟೈರು ಕಬ್ಬಿಣಕ್ಕೆ ತಾಗುವುದಿಲ್ಲ.

ಭಾವ 235ರ ಆಸೆ ಬಿಟ್ಟಿಲ್ಲ. ಚಕ್ರವನ್ನು ಹೊರಗೆ ಕೂರಿಸುವ ಅಗಲದ ರಿಮ್ ತಂದರೆ ತೋಳಿನಿಂದ ದೂರ ಹೋಗುತ್ತದೆ ಅಂತ ಯಾರೋ ಹೇಳಿದ್ದಾರೆ. ಹೋಗುತ್ತದೆ ನಿಜ. ಆದರೆ ಹೊರಗೆ ಬಂದ ಆ ಟೈರಿನ ಮುಂಭುಜ ತಿರುಗುವಾಗ ಬಂಪರಿನ ಕೆಳ ಮೂಲೆಯ ಕಡೆಗೆ ಹೋಗುತ್ತದೆ, ಮೇಲೆದ್ದಾಗ ಮಡ್‌ಗಾರ್ಡಿನ ಅಂಚಿಗೆ ಬರುತ್ತದೆ. ಅಲ್ಲಿ ಎಷ್ಟು ಜಾಗ ಇದೆ ಅಂತ ಅಳೆದಿಲ್ಲ. ರಿಮ್‌ಗೆ ದುಡ್ಡು ಕೊಡುವ ಮುಂಚೆ ಅದನ್ನೂ ಅಳೆಯೋಣ ಅಂದಿದ್ದೇನೆ. ಹಿಟ್ಟು ಈ ಸಲ ಅಂಗಡಿಯಿಂದ ತನ್ನಿ ಅಂತ ಅಕ್ಕ ಹೇಳಿದ್ದಾಳೆ.