ಪ್ರಿಂಟರ್ ಆಫ್‌ಲೈನ್: ಒಂದು ಸಹಾಯ ಲೇಖನವನ್ನು ಬಿಡಿಸಿ ಮತ್ತೆ ಬರೆದ ಅನುಭವ

ನಮ್ಮ ಐಟಿ ಸಪೋರ್ಟ್ ತಂಡದ ನಾಲೆಜ್ ಬೇಸ್‌ನಲ್ಲಿ ‘ಪ್ರಿಂಟರ್ ತೊಂದರೆಗಳು’ ಅಂತ ಒಂದು ಲೇಖನವಿತ್ತು. ಜನ ಅದನ್ನು ತೆರೆಯುತ್ತಿದ್ದರು, ಓದುತ್ತಿದ್ದರು, ಆಮೇಲೆ ಟಿಕೆಟ್ ಹಾಕುತ್ತಿದ್ದರು. ಅದನ್ನು ಸಮಸ್ಯೆ, ಕಾರಣ, ಪರಿಹಾರದ ಹಂತಗಳು, ಸಂಬಂಧಿತ ವಿಷಯಗಳು ಎಂಬ ನಾಲ್ಕು ಭಾಗಗಳಲ್ಲಿ ಮತ್ತೆ ಬರೆಯುವ ಕೆಲಸ ನನಗೆ ಬಂತು. ತಲೆಬರಹ ಹಾಕಿ ವಾಕ್ಯಗಳನ್ನು ಅತ್ತಿತ್ತ ಜರುಗಿಸಿದರೆ ಮುಗಿಯಿತು ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ‘ಕಾರಣ’ದ ಹತ್ತಿರ ಬಂದಾಗ ಕೈ ನಿಲ್ಲುತ್ತದೆ. ಈ ಬರಹದಲ್ಲಿ ಹೇಳಬೇಕಿರುವುದು ಹೆಚ್ಚಾಗಿ ಅದನ್ನೇ.

ಹಳೆಯ ಲೇಖನ ಕೆಟ್ಟದಾಗೇನೂ ಇರಲಿಲ್ಲ. ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆಯವರು ತಮಗೆ ಕೆಲಸ ಮಾಡಿದ್ದನ್ನು ಅದಕ್ಕೆ ಸೇರಿಸುತ್ತಾ ಹೋಗಿದ್ದರು. ಕೇಬಲ್ ನೋಡಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ, ಡ್ರೈವರ್ ಅಪ್‌ಡೇಟ್ ಮಾಡಿ, ಸ್ಪೂಲರ್ ನಿಲ್ಲಿಸಿ ಫೈಲ್ ಅಳಿಸಿ, ಅದೂ ಆಗದಿದ್ದರೆ ಪ್ರಿಂಟರನ್ನು ತೆಗೆದು ಮತ್ತೆ ಸೇರಿಸಿ. ಪ್ರತಿ ಮಾತೂ ಯಾವುದೋ ಒಂದು ತೊಂದರೆಗೆ ನಿಜ. ಯಾವ ತೊಂದರೆಗೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

ಮೊದಲು ಸಮಸ್ಯೆ. ಟಿಕೆಟ್‌ಗಳಲ್ಲಿ ಜನ ಏನಂತ ಬರೆಯುತ್ತಾರೆ ಅಂತ ನೋಡಿದೆ. ಯಾರೂ ‘ಪ್ರಿಂಟರ್ ತೊಂದರೆ’ ಅಂತ ಬರೆಯುವುದಿಲ್ಲ. ‘ಪ್ರಿಂಟರ್ ಆನ್ ಇದೆ, ಆದರೆ ಕಂಪ್ಯೂಟರಿನಲ್ಲಿ ಆಫ್‌ಲೈನ್ ಅಂತ ತೋರಿಸುತ್ತಿದೆ’ ಅಂತ ಬರೆಯುತ್ತಾರೆ. ‘ಪ್ರಿಂಟ್ ಕೊಟ್ಟಿದ್ದು ಕ್ಯೂನಲ್ಲೇ ನಿಂತಿದೆ, ಡಿಲೀಟ್ ಮಾಡಿದರೂ ಹೋಗುತ್ತಿಲ್ಲ’ ಅಂತ ಇನ್ನು ಕೆಲವರು. ಇವೆರಡೂ ಬೇರೆ ತೊಂದರೆಗಳು, ಬೇರೆ ಲೇಖನಗಳು. ಹಾಗಾಗಿ ಮೊದಲನೆಯದನ್ನೇ ಹಿಡಿದುಕೊಂಡೆ. ತಲೆಬರಹವನ್ನು ಅವರ ಮಾತಿನಲ್ಲೇ ಇಟ್ಟೆ: ‘ಪ್ರಿಂಟರ್ ಆನ್ ಇದ್ದರೂ ವಿಂಡೋಸ್‌ನಲ್ಲಿ Offline ಅಂತ ತೋರಿಸುತ್ತಿದೆ’. ಹುಡುಕುವವರು ಟೈಪ್ ಮಾಡುವುದು ಇದನ್ನೇ. ಸಮಸ್ಯೆಯ ಭಾಗದಲ್ಲಿ ಕಣ್ಣಿಗೆ ಕಾಣುವುದು ಮಾತ್ರ ಇರಬೇಕು. ‘ಐಪಿ ವಿಳಾಸ ಬದಲಾಗಿದೆ’ ಅಂತ ಅಲ್ಲಿ ಬರೆಯುವ ಹಾಗಿಲ್ಲ, ಯಾಕೆಂದರೆ ತೊಂದರೆಯಲ್ಲಿರುವವರಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅವರು ನಮ್ಮ ಲೇಖನ ಹುಡುಕುತ್ತಲೇ ಇರಲಿಲ್ಲ ಅಲ್ವಾ?

ಇನ್ನು ಕಾರಣ. ಆಫ್‌ಲೈನ್ ಟಿಕೆಟ್‌ಗಳನ್ನು ನಮ್ಮವರು ಮುಗಿಸುತ್ತಿದ್ದ ರೀತಿ ಹೆಚ್ಚುಕಡಿಮೆ ಒಂದೇ: ಪ್ರಿಂಟರನ್ನು ಕಂಪ್ಯೂಟರಿನಿಂದ ತೆಗೆದು ಮತ್ತೆ ಸೇರಿಸುವುದು. ಅದು ಕೆಲಸ ಮಾಡುತ್ತದೆ. ಅದಕ್ಕೇ ಯಾರೂ ಪ್ರಶ್ನೆ ಕೇಳಿರಲಿಲ್ಲ. ಆದರೆ ‘ಕಾರಣ’ ಎಂಬ ಖಾಲಿ ಜಾಗ ಎದುರಿಗಿದ್ದಾಗ ಕೇಳಲೇಬೇಕಾಯಿತು. ತೆಗೆದು ಸೇರಿಸಿದರೆ ಯಾಕೆ ಸರಿಯಾಗುತ್ತದೆ? ಸರಿಯಾದದ್ದು ಅದೇ ಪ್ರಿಂಟರಿನಲ್ಲಿ ಮತ್ತೆ ಯಾಕೆ ಕೆಡುತ್ತದೆ?

ಉತ್ತರ ಹೀಗಿದೆ. ನಮ್ಮ ಪ್ರಿಂಟರ್‌ಗಳು ನೆಟ್‌ವರ್ಕ್‌ನಲ್ಲಿವೆ. ವಿಂಡೋಸ್ ಅವುಗಳ ಜೊತೆ ಮಾತಾಡಲು Standard TCP/IP Port ಎಂಬ ಪೋರ್ಟ್ ಬಳಸುತ್ತದೆ, ಅದರಲ್ಲಿ ಪ್ರಿಂಟರಿನ ಐಪಿ ವಿಳಾಸ ಬರೆದಿಟ್ಟಿರುತ್ತದೆ, ಉದಾಹರಣೆಗೆ 192.168.1.45. ಆದರೆ ಪ್ರಿಂಟರಿಗೆ ಆ ವಿಳಾಸ ಕೊಟ್ಟಿದ್ದು ಡಿಎಚ್‌ಸಿಪಿ ಸರ್ವರ್, ಅದೂ ಒಂದು ಅವಧಿಗೆ ಮಾತ್ರ. ರಜೆ ಬಂತು, ಪ್ರಿಂಟರ್ ಆಫ್ ಆಯಿತು, ಅವಧಿ ಮುಗಿಯಿತು. ಆ ವಿಳಾಸವನ್ನು ಸರ್ವರ್ ಇನ್ಯಾವುದೋ ಲ್ಯಾಪ್‌ಟಾಪಿಗೆ ಕೊಟ್ಟಿತು. ಸೋಮವಾರ ಪ್ರಿಂಟರ್ ಆನ್ ಆದಾಗ ಅದಕ್ಕೆ ಸಿಕ್ಕಿದ್ದು 192.168.1.62. ಕಂಪ್ಯೂಟರುಗಳು ಇನ್ನೂ 45ರ ಬಾಗಿಲು ತಟ್ಟುತ್ತಿವೆ. ಪ್ರಿಂಟರ್ ಚೆನ್ನಾಗಿಯೇ ಇದೆ, ಅಲ್ಲಿ ಇಲ್ಲ ಅಷ್ಟೆ.

ತೆಗೆದು ಸೇರಿಸಿದಾಗ ವಿಂಡೋಸ್ ಪ್ರಿಂಟರನ್ನು ಹೊಸದಾಗಿ ಹುಡುಕಿ 62ಕ್ಕೆ ಪೋರ್ಟ್ ಮಾಡಿಕೊಳ್ಳುತ್ತದೆ. ಅಂದರೆ ಹಳೆಯ ಪರಿಹಾರ ಸುಳ್ಳಲ್ಲ, ತಾತ್ಕಾಲಿಕ. ವಿಳಾಸ ಮತ್ತೆ ಬದಲಾದಾಗ ಅದೇ ಟಿಕೆಟ್ ಬರುತ್ತದೆ. ಜೊತೆಗೆ, ಎರಡೂ ಬದಿ ಪ್ರಿಂಟ್, ಯಾವ ಟ್ರೇ ಅಂತೆಲ್ಲಾ ಬಳಕೆದಾರರು ಮಾಡಿಕೊಂಡಿದ್ದ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಕಾರಣ ಬರೆಯದೆ ಹೋಗಿದ್ದರೆ ಈ ತಾತ್ಕಾಲಿಕ ಪರಿಹಾರವನ್ನೇ ನಾನು ಒಪ್ಪವಾಗಿ ಹಂತಹಂತವಾಗಿ ಬರೆದು ಕೂರುತ್ತಿದ್ದೆ.

ಒಂದು ಕಾರಣ ಬರೆದರೆ ಸಾಲದು, ‘ನನ್ನದೂ ಇದೇ ಕಾರಣವಾ?’ ಅಂತ ಓದುವವರು ಪರೀಕ್ಷಿಸುವ ದಾರಿಯೂ ಅಲ್ಲೇ ಇರಬೇಕು. ಯಾಕೆಂದರೆ ಆಫ್‌ಲೈನ್ ಅಂತ ತೋರಿಸಲು ಇನ್ನೂ ಕಾರಣಗಳಿವೆ. ಪರೀಕ್ಷೆಗೆ ನಮ್ಮಲ್ಲಿ ಹಲವರು `ping` ಬಳಸುತ್ತಿದ್ದರು. ಇಲ್ಲಿ ಅದನ್ನು ನಂಬಲಾಗದು. ಹಳೆಯ ವಿಳಾಸ ಈಗ ಯಾವುದೋ ಲ್ಯಾಪ್‌ಟಾಪಿನದ್ದಾಗಿದ್ದರೆ ಅದೂ ಉತ್ತರ ಕೊಡಬಹುದು. ‘ಉತ್ತರ ಬಂತು, ಹಾಗಾದರೆ ನೆಟ್‌ವರ್ಕ್ ಸರಿ ಇದೆ’ ಅಂತ ಅಂದುಕೊಂಡು ಡ್ರೈವರ್ ಕಡೆ ಹೋಗಿಬಿಡುತ್ತೇವೆ. ಅದಕ್ಕೆ ಬದಲು ಎರಡು ವಿಳಾಸಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಪ್ರಿಂಟರಿನ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಮೆನುವಿಗೆ ಹೋದರೆ ಈಗಿನ ವಿಳಾಸ ಸಿಗುತ್ತದೆ. ಕಂಪ್ಯೂಟರಿನ ಬಳಿ ಇರುವ ವಿಳಾಸಕ್ಕೆ ಪವರ್‌ಶೆಲ್ ಸಾಕು:

```
Get-Printer | Select-Object Name, PortName
Get-PrinterPort | Select-Object Name, PrinterHostAddress
```

ಎರಡು ವಿಳಾಸ ಬೇರೆ ಇದ್ದರೆ ಇದೇ ಕಾರಣ. ಒಂದೇ ಇದ್ದರೆ ಈ ಲೇಖನ ನಿಮಗಲ್ಲ, ಕೊನೆಯ ಭಾಗಕ್ಕೆ ಹೋಗಿ ಅಂತ ಬರೆದೆ. ಪೋರ್ಟಿನ ಹೆಸರು `WSD` ಅಂತ ಶುರುವಾಗಿದ್ದರೂ ಹಾಗೇ. ಆ ಪೋರ್ಟ್ ಪ್ರಿಂಟರನ್ನು ಬೇರೆ ರೀತಿಯಲ್ಲಿ ಹುಡುಕುತ್ತದೆ, ಈ ಹಂತಗಳು ಅದಕ್ಕೆ ಹೊಂದುವುದಿಲ್ಲ. ಲೇಖನ ಯಾರಿಗಲ್ಲ ಅಂತ ಹೇಳುವ ಈ ಒಂದೆರಡು ಸಾಲು ಓದುವವರ ಸಮಯ ಬಹಳ ಉಳಿಸುತ್ತವೆ.

ಕಾರಣ ಗಟ್ಟಿಯಾದ ಮೇಲೆ ಪರಿಹಾರ ಸಲೀಸಾಗಿ ಬಂತು. ವಿಳಾಸ ಬದಲಾಗದ ಹಾಗೆ ನೋಡಿಕೊಳ್ಳಬೇಕು, ಅಂದರೆ ಡಿಎಚ್‌ಸಿಪಿಯಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ ಒಂದು ಐಪಿಯನ್ನು ಕಾಯ್ದಿರಿಸಬೇಕು. ಇದು ನೆಟ್‌ವರ್ಕ್ ತಂಡದ ಕೆಲಸ. ಡೆಸ್ಕ್ ಹತ್ತಿರ ಹೋಗುವ ಸಪೋರ್ಟ್‌ನವರಿಗೆ ಅಲ್ಲಿ ಅನುಮತಿ ಇರುವುದಿಲ್ಲ. ಹಾಗಾಗಿ ಪ್ರತಿ ಹಂತದ ಮೊದಲು ಅದು ಯಾರ ಕೆಲಸ ಅಂತ ಬರೆದೆ:

1. ಸಪೋರ್ಟ್: ಪ್ರಿಂಟರಿನ ಪ್ಯಾನೆಲ್‌ನಿಂದ ಮ್ಯಾಕ್ ವಿಳಾಸ, ಈಗಿನ ಐಪಿ, ಕಂಪ್ಯೂಟರಿನಲ್ಲಿರುವ ಹಳೆಯ ಐಪಿ, ಮೂರನ್ನೂ ಟಿಕೆಟ್‌ನಲ್ಲಿ ಬರೆದು ನೆಟ್‌ವರ್ಕ್ ತಂಡಕ್ಕೆ ಕಳಿಸಿ.
2. ನೆಟ್‌ವರ್ಕ್ ತಂಡ: ಹಳೆಯ ಐಪಿ ಖಾಲಿ ಇದ್ದರೆ ಅದನ್ನೇ ಕಾಯ್ದಿರಿಸಿ. ಬೇರೆ ಸಾಧನ ಬಳಸುತ್ತಿದ್ದರೆ ಈಗಿನ ಐಪಿಯನ್ನು ಕಾಯ್ದಿರಿಸಿ.
3. ಸಪೋರ್ಟ್: ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಕಾಯ್ದಿರಿಸಿದ ಐಪಿ ಪ್ಯಾನೆಲ್‌ನಲ್ಲಿ ಕಾಣಬೇಕು.
4. ಸಪೋರ್ಟ್, ಈಗಿನ ಐಪಿಯನ್ನು ಕಾಯ್ದಿರಿಸಿದ್ದರೆ ಮಾತ್ರ: `Printer properties` ತೆರೆದು `Ports` ಟ್ಯಾಬ್‌ನಲ್ಲಿ `Add Port` ಒತ್ತಿ, ಆ ಐಪಿಗೆ ಹೊಸ Standard TCP/IP Port ಮಾಡಿ. ಇದಕ್ಕೆ ಅಡ್ಮಿನ್ ಅನುಮತಿ ಬೇಕು.
5. ಸಪೋರ್ಟ್: ಟೆಸ್ಟ್ ಪೇಜ್ ಕೊಡಿ. ಕಾಗದ ಹೊರಗೆ ಬರಬೇಕು, ಸ್ಥಿತಿಯಲ್ಲಿ Offline ಹೋಗಿರಬೇಕು.

ಎರಡನೇ ಹಂತದಲ್ಲಿ ಹಳೆಯ ಐಪಿಗೆ ಮೊದಲ ಆದ್ಯತೆ ಕೊಟ್ಟಿದ್ದು ಸುಮ್ನೆ ಅಲ್ಲ. ಹಳೆಯದೇ ಸಿಕ್ಕಿದರೆ ಯಾವ ಕಂಪ್ಯೂಟರನ್ನೂ ಮುಟ್ಟಬೇಕಾಗಿಲ್ಲ, ನಾಲ್ಕನೇ ಹಂತವೇ ಬೇಡ. ಒಂದು ಮಹಡಿಯವರೆಲ್ಲಾ ಬಳಸುವ ಪ್ರಿಂಟರ್ ಆದರೆ ಇದರಿಂದ ಎಷ್ಟು ಓಡಾಟ ತಪ್ಪುತ್ತದೆ ನೋಡಿ. ಇನ್ನು ನಾಲ್ಕನೇ ಹಂತದಲ್ಲಿ ಹೊಸ ಪೋರ್ಟ್ ಮಾಡಿ ಅಂದಿದ್ದಕ್ಕೂ ಕಾರಣವಿದೆ. `Configure Port` ಒತ್ತಿ ಇರುವ ಪೋರ್ಟಿನಲ್ಲೇ ವಿಳಾಸ ಬದಲಿಸಬಹುದು, ಪ್ರಿಂಟ್ ಬರುತ್ತದೆ. ಆದರೆ ಪೋರ್ಟಿನ ಹೆಸರು ಹಳೆಯದೇ ಉಳಿಯುತ್ತದೆ. ಸಾಮಾನ್ಯವಾಗಿ ಆ ಹೆಸರಿನಲ್ಲೇ ಹಳೆಯ ಐಪಿ ಇರುತ್ತದೆ. ಮುಂದೆ ಯಾರಾದರೂ ಬಂದು ಹೆಸರು ನೋಡಿ ‘ಇದು 45ಕ್ಕೆ ಹೋಗುತ್ತಿದೆ’ ಅಂತ ತಪ್ಪು ತಿಳಿಯುತ್ತಾರೆ. ಹೊಸ ಪೋರ್ಟ್ ಮಾಡಿದರೆ ಆ ಗೊಂದಲವಿಲ್ಲ.

ಫಲಿತಾಂಶ ಕಣ್ಣಿಗೆ ಕಾಣುವ ಹಂತಗಳ ಕೊನೆಯಲ್ಲಿ ಏನು ಕಾಣಬೇಕು ಅಂತ ಬರೆಯುವುದನ್ನು ನಾನು ಬಿಡುವುದಿಲ್ಲ. ಮೂರನೇ ಹಂತದಲ್ಲಿ ಕಾಯ್ದಿರಿಸಿದ ಐಪಿ ಕಾಣದಿದ್ದರೆ ಮುಂದೆ ಹೋಗಿ ಪ್ರಯೋಜನವಿಲ್ಲ. ಮ್ಯಾಕ್ ವಿಳಾಸ ತಪ್ಪಾಗಿ ಬರೆದಿರಬಹುದು, ಅಥವಾ ವೈಫೈನದ್ದನ್ನು ಬರೆದು ಪ್ರಿಂಟರ್ ಕೇಬಲ್‌ನಲ್ಲಿರಬಹುದು. ಎರಡಕ್ಕೂ ಮ್ಯಾಕ್ ಬೇರೆ ಬೇರೆ.

ಸಂಬಂಧಿತ ವಿಷಯಗಳ ಭಾಗ ಚಿಕ್ಕದು. ಆದರೆ ಹಳೆಯ ಲೇಖನದಿಂದ ಹೊರಬಿದ್ದ ಸಾಲುಗಳಿಗೆ ಜಾಗ ಸಿಗುವುದು ಇಲ್ಲೇ. ಬರೀ ಕೊಂಡಿ ಹಾಕಿದರೆ ಯಾರೂ ಒತ್ತುವುದಿಲ್ಲ, ಯಾವಾಗ ಒತ್ತಬೇಕು ಅಂತ ಪಕ್ಕದಲ್ಲಿ ಹೇಳಬೇಕು. ಉದಾಹರಣೆಗೆ: ‘ಎರಡೂ ವಿಳಾಸ ಒಂದೇ ಇದೆ, ಬ್ರೌಸರಿನಲ್ಲಿ ಆ ವಿಳಾಸ ಕೊಟ್ಟರೆ ಪ್ರಿಂಟರಿನ ಪುಟವೂ ತೆರೆಯುತ್ತದೆ, ಆದರೂ ಆಫ್‌ಲೈನ್ ಅನ್ನುತ್ತಿದ್ದರೆ’ ಅಂತ ಬರೆದು ಎಸ್‌ಎನ್‌ಎಂಪಿ ಲೇಖನಕ್ಕೆ ಕೊಂಡಿ ಕೊಟ್ಟೆ. ವಿಂಡೋಸ್ ಎಸ್‌ಎನ್‌ಎಂಪಿ ಮೂಲಕ ಸ್ಥಿತಿ ಕೇಳಿದಾಗ ಪ್ರಿಂಟರ್ ಉತ್ತರ ಕೊಡದಿದ್ದರೂ ಹೀಗಾಗುತ್ತದೆ, ಪೋರ್ಟಿನಲ್ಲಿ `SNMP Status Enabled` ಎದುರಿನ ಗುರುತು ತೆಗೆದರೆ ಸರಿಹೋಗುತ್ತದೆ.

ಸ್ಪೂಲರ್ ನಿಲ್ಲಿಸಿ `C:\Windows\System32\spool\PRINTERS` ಒಳಗಿನ ಫೈಲ್ ಅಳಿಸುವ ಹಂತ ‘ಡಿಲೀಟ್ ಆಗದೆ ನಿಂತ ಪ್ರಿಂಟ್’ ಲೇಖನಕ್ಕೆ ಹೋಯಿತು. ಅದು ಆಫ್‌ಲೈನ್ ತೊಂದರೆಗೆ ಮದ್ದೇ ಅಲ್ಲ. ಪ್ರಿಂಟ್ ಸರ್ವರ್ ಮೇಲೆ ಮಾಡಿದರೆ ಅಲ್ಲಿರುವ ಎಲ್ಲಾ ಪ್ರಿಂಟರ್‌ಗಳ ಕ್ಯೂನಲ್ಲಿ ಕಾಯುತ್ತಿರುವ ಎಲ್ಲರ ಕೆಲಸವೂ ಅಳಿಸಿಹೋಗುತ್ತದೆ. ಹಳೆಯ ಲೇಖನದಲ್ಲಿ ಈ ಎಚ್ಚರಿಕೆ ಇರಲಿಲ್ಲ. ಹೊಸದರಲ್ಲಿ ಅದು ಮೊದಲ ಸಾಲು.

ಬರೆದು ಮುಗಿಸಿದ ಮೇಲೆ ತಂಡಕ್ಕೆ ಹೊಸದಾಗಿ ಸೇರಿದ ಸಹೋದ್ಯೋಗಿಯ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು ಏನೂ ಹೇಳದೆ ನೋಡಿದೆ. ಅವರು ಮೊದಲ ಹಂತದಲ್ಲೇ ನಿಂತರು. ‘ಮೇಡಂ, ಈ ಪ್ರಿಂಟರಿನ ಪ್ಯಾನೆಲ್‌ನಲ್ಲಿ ಪರದೆಯೇ ಇಲ್ವಲ್ಲ, ಬರೀ ಬಟನ್ ಇದೆ.’ ಸರಿಯಾದ ಪ್ರಶ್ನೆ. ಪರದೆ ಇಲ್ಲದ ಪ್ರಿಂಟರ್‌ನಲ್ಲಿ ಕಾನ್ಫಿಗರೇಶನ್ ಪುಟ ಪ್ರಿಂಟ್ ಮಾಡಿಕೊಳ್ಳಿ, ಮ್ಯಾಕ್ ವಿಳಾಸ, ಈಗಿನ ಐಪಿ ಎರಡೂ ಅದರಲ್ಲಿ ಇರುತ್ತವೆ ಅಂತ ಒಂದು ಸಾಲು ಸೇರಿಸಿದೆ.

ಎಲ್ಲಕ್ಕೂ ಕಾರಣ ಸಿಗುವುದಿಲ್ಲ, ಅದನ್ನೂ ಹೇಳಬೇಕು. ನಮ್ಮಲ್ಲಿ ಒಂದು ಪ್ರಿಂಟರ್ ಸ್ಲೀಪ್‌ಗೆ ಹೋದ ಮೇಲೆ ಕೆಲವೊಮ್ಮೆ ಎದ್ದೇಳುವುದಿಲ್ಲ. ವಿಳಾಸ ಸರಿ ಇದೆ, ಎಸ್‌ಎನ್‌ಎಂಪಿಯೂ ಸರಿ ಇದೆ, ಆಫ್ ಮಾಡಿ ಆನ್ ಮಾಡಿದರೆ ಕೆಲಸ ಮಾಡುತ್ತದೆ. ಅದಕ್ಕೆಂದು ಬರೆದ ಲೇಖನದಲ್ಲಿ ಕಾರಣದ ಜಾಗದಲ್ಲಿ ‘ಇನ್ನೂ ಪತ್ತೆಯಾಗಿಲ್ಲ’ ಅಂತಲೇ ಇದೆ, ಪರಿಹಾರದ ತಲೆಬರಹ ‘ತಾತ್ಕಾಲಿಕ ಪರಿಹಾರ’ ಅಂತ ಇದೆ. ಕೆಳಗೆ ಒಂದು ಕೋರಿಕೆ: ಮತ್ತೆ ಹೀಗಾದರೆ ಆಫ್ ಮಾಡುವ ಮೊದಲು ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗದ ದೀಪ ಉರಿಯುತ್ತಿದೆಯಾ ಅಂತ ನೋಡಿ ಟಿಕೆಟ್‌ನಲ್ಲಿ ಬರೆಯಿರಿ.